ಮರೆಯುವ ಮುನ್ನ ಒಮ್ಮೆ: ಹಿಫ್ಝ್ ಉಳಿಯುವ ಲೆಕ್ಕ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ತಂದೆತಾಯಂದಿರು ನಮ್ಮಂತಹ ಯುನಾನಿ ವೈದ್ಯರ ಬಳಿ ಮಕ್ಕಳಿಗಾಗಿ ಕೇಳುವ ಔಷಧಗಳಲ್ಲಿ ನೆನಪಿನ ಶಕ್ತಿಯ ಔಷಧವೂ ಒಂದು. ದೂರು ಹೆಚ್ಚುಕಡಿಮೆ ಒಂದೇ ಬಗೆಯದು. "ಹಕೀಮ್ ಸಾಬ್, ಹುಡುಗ ಹನ್ನೆರಡು ಪಾರಾ ಮುಗಿಸ್ಯಾನ. ಹೊಸ ಸಬಕ್ ಚಲೋ ಹೇಳ್ತಾನ. ಹಿಂದಿನ ಪಾರಾ ಕೇಳಿದ್ರ ನಿಂತುಬಿಡ್ತಾನ. ಏನಾದ್ರೂ ಖಮೀರಾ ಕೊಡ್ರಿ." ಶಾಲೆಯ ಮಕ್ಕಳ ತಾಯಂದಿರ ಮಾತೂ ಇದೇ. ಜುಲೈಯಲ್ಲಿ ಬಾಯಿಪಾಠವಾಗಿದ್ದ ಪಾಠ ಡಿಸೆಂಬರಿನಲ್ಲಿ ಇಲ್ಲ.

ಈ ದೂರಿನಲ್ಲೇ ಒಂದು ಸುಳಿವಿದೆ, ಗಮನಿಸಿ. ಹೊಸದನ್ನು ಚೆನ್ನಾಗಿ ಹೇಳುವ ಮಗುವಿನ ನೆನಪಿನ ಶಕ್ತಿ ಕೆಟ್ಟಿಲ್ಲ. ಕಲಿಯುವ ಸಾಮರ್ಥ್ಯ ಸರಿಯಾಗಿದೆ. ಕಲಿತದ್ದನ್ನು ಮತ್ತೆ ಯಾವಾಗ ಹೇಳಿಸಬೇಕು ಎಂಬ ವೇಳಾಪಟ್ಟಿ ಸರಿಯಾಗಿಲ್ಲ. ಹೇಳದೆ ಬಿಟ್ಟ ಪಾರಾವನ್ನು ಮರಳಿ ತಂದುಕೊಡುವ ಮಾಜೂನ್ ಆಗಲಿ ಖಮೀರಾ ಆಗಲಿ ಇಲ್ಲ. ಆದರೆ ದಿನಕ್ಕೆ ಅದೇ ಅರ್ಧ ಗಂಟೆಯನ್ನು ಬೇರೆ ರೀತಿ ಹಂಚಿಕೊಂಡರೆ ಹಿಂದಿನ ಪಾರಾಗಳನ್ನು ಗಟ್ಟಿಯಾಗಿ ಉಳಿಸಿಕೊಳ್ಳಬಹುದು. ಆ ಹಂಚಿಕೆಯ ಲೆಕ್ಕ ಈ ತಿಂಗಳ ವಿಷಯ.

ಮರೆವು ಯಾವ ವೇಗದಲ್ಲಿ ಬರುತ್ತದೆ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಮರೆವನ್ನು ಮೊದಲ ಬಾರಿಗೆ ಅಳತೆಗೆ ತಂದವನು. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಮತ್ತೆ ಅವನ್ನೇ ಕಲಿಯುತ್ತಿದ್ದ. ಎರಡನೆಯ ಸಲ ಕಲಿಯಲು ಎಷ್ಟು ಸಮಯ ಉಳಿಯಿತು ಎಂದು ಲೆಕ್ಕ ಹಾಕುತ್ತಿದ್ದ. ಉಳಿದ ಸಮಯ ಹೆಚ್ಚಾಗಿದ್ದರೆ ನೆನಪು ಹೆಚ್ಚು ಉಳಿದಿದೆ ಎಂದರ್ಥ. 1885ರಲ್ಲಿ ಅವನು ಪ್ರಕಟಿಸಿದ ಲೆಕ್ಕದ ಪ್ರಕಾರ 20 ನಿಮಿಷದ ನಂತರ ಶೇಕಡಾ 58ರಷ್ಟು ಸಮಯ ಉಳಿಯುತ್ತಿತ್ತು. ಒಂದು ದಿನದ ನಂತರ ಅದು 34ಕ್ಕೆ ಇಳಿಯಿತು. ಆರು ದಿನಕ್ಕೆ 25, ಒಂದು ತಿಂಗಳಿಗೆ 21.

ಈ ಅಂಕಿಗಳಲ್ಲಿ ಎರಡು ವಿಷಯ ಕಾಣುತ್ತದೆ. ಮೊದಲನೆಯದು, ಮರೆವಿನ ದೊಡ್ಡ ಪಾಲು ಮೊದಲ ದಿನವೇ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಮೊದಲ ಪುನರಾವರ್ತನೆ ಬೇಗ ಆಗಬೇಕು, ನಂತರದವು ದೂರ ದೂರ ಇರಬಹುದು. ಎರಡನೆಯದು, ಒಂದು ತಿಂಗಳು ಕಳೆದರೂ ಅಂಕಿ ಸೊನ್ನೆಗೆ ಇಳಿದಿಲ್ಲ. ಪೂರ್ತಿ ಮರೆತೆ ಎಂದು ಮಗು ಅಳುತ್ತಿರುವ ಪಾರಾವನ್ನೂ ಮತ್ತೆ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ದಿನ ಸಾಕು. ಅರ್ಥ, ಲಯ, ಪ್ರಾಸ ಇರುವ ಪಾಠಗಳು ಅರ್ಥವಿಲ್ಲದ ಉಚ್ಚಾರಗಳಿಗಿಂತ ಹೆಚ್ಚು ಕಾಲ ನಿಲ್ಲುತ್ತವೆ. ಆದರೆ ಮೊದಲು ಜೋರಾಗಿ ಇಳಿದು ಆಮೇಲೆ ನಿಧಾನವಾಗುವ ಕ್ರಮ ಮಾತ್ರ ಎಲ್ಲದಕ್ಕೂ ಅದೇ.

ಅವನ ಇನ್ನೊಂದು ಪ್ರಯೋಗ ನಮಗೆ ಇನ್ನೂ ಮುಖ್ಯ. ಒಂದೇ ದಿನ ಒಂದು ಪಟ್ಟಿಯನ್ನು 68 ಸಲ ಓದಿ ಮರುದಿನ ಅದನ್ನು ಕಲಿಯಲು ಎಷ್ಟು ಶ್ರಮ ಬೇಕಾಯಿತೋ, ಮೂರು ದಿನಗಳಿಗೆ ಹಂಚಿ 38 ಸಲ ಓದಿದಾಗಲೂ ಸುಮಾರು ಅಷ್ಟೇ ಶ್ರಮ ಸಾಕಾಯಿತು. ಹಂಚಿ ಓದಿದ್ದರಿಂದ ಅರ್ಧದ ಹತ್ತಿರದಷ್ಟು ಓದು ಉಳಿಯಿತು. ಒಂದೇ ಕೂತದಲ್ಲಿ ಐವತ್ತು ಸಲ ತಿರುವಿ ಹಾಕುವ ಮಗು ತುಂಬಾ ದುಡಿದಂತೆ ಕಾಣುತ್ತದೆ. ಆ ದುಡಿಮೆಯ ಬಹುಪಾಲು ಮರುದಿನಕ್ಕೆ ಉಳಿಯುವುದಿಲ್ಲ.

ಪ್ರಯಾಸದಿಂದ ನೆನೆದದ್ದು ಬೇರು ಬಿಡುತ್ತದೆ

ಹಂಚಿದರೆ ಏಕೆ ಲಾಭ? ಒಂದು ಪುಟ ಈಗ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂಬುದು ಒಂದು ವಿಷಯ. ಅದು ಎಷ್ಟು ಆಳವಾಗಿ ಕೂತಿದೆ ಎಂಬುದು ಬೇರೆ ವಿಷಯ. ಐದು ನಿಮಿಷದ ಹಿಂದೆ ಓದಿದ ಪುಟ ಸಲೀಸಾಗಿ ಬರುತ್ತದೆ, ಆದರೆ ಆಳವಾಗಿ ಕೂತಿರುವುದಿಲ್ಲ. ಸಲೀಸಾಗಿ ಬರುವುದನ್ನೇ ಮತ್ತೆ ಹೇಳಿದರೆ ಆಳ ಹೆಚ್ಚುವುದು ತೀರಾ ಕಡಿಮೆ. ಕೆಲವು ದಿನ ಬಿಟ್ಟು, ಸ್ವಲ್ಪ ಮಸುಕಾದ ಮೇಲೆ, ಮಗು ತಡವರಿಸಿ ಯೋಚಿಸಿ ತಾನೇ ಹೊರತೆಗೆದರೆ ಆಗ ಆಳ ಹೆಚ್ಚುತ್ತದೆ. ಮಿದುಳಿನ ನರಕೋಶಗಳ ನಡುವಿನ ಸಂಧಿಗಳು ಹೀಗೆ ಬಳಕೆಗೆ ಬಂದಾಗ ಬಲಗೊಳ್ಳುತ್ತವೆ. ಆ ಬಲ ನೆಲೆಗೊಳ್ಳಲು ಗಂಟೆಗಳು, ದಿನಗಳು ಬೇಕು. ಅದಕ್ಕೆ ನಿದ್ರೆಯೂ ಬೇಕು. ಮರೆಯುವ ಅಂಚಿನಲ್ಲಿರುವಾಗ ಹೇಳಿಸಬೇಕು ಎನ್ನುವುದು ಇದಕ್ಕಾಗಿಯೇ.

ನಮ್ಮ ಜಿಲ್ಲೆಯ ಹೊಲಗಳನ್ನೇ ನೋಡಿ. ಗಂಗಾವತಿಯ ಕಾಲುವೆ ನೀರಿನಲ್ಲಿ ನಿಂತ ಭತ್ತದ ಬೇರು ಮೇಲೆಯೇ ಹರಡಿರುತ್ತದೆ. ಯಲಬುರ್ಗಾ, ಕುಷ್ಟಗಿಯ ಎರೆಹೊಲದ ಹಿಂಗಾರಿ ಜೋಳ, ಮೇಲ್ಮಣ್ಣು ಒಣಗುತ್ತ ಹೋದಂತೆ ತೇವವನ್ನು ಹುಡುಕಿ ಬೇರನ್ನು ಆಳಕ್ಕಿಳಿಸುತ್ತದೆ. ಪೂರ್ತಿ ಒಣಗಿದರೆ ಬೆಳೆಯೇ ಹೋಗುತ್ತದೆ ಎಂಬುದೂ ನಿಜ. ಇದು ಹೋಲಿಕೆ ಮಾತ್ರ, ಆದರೆ ಎರಡೂ ಎಚ್ಚರಿಕೆ ಇದರಲ್ಲಿ ಇವೆ. ಅಂತರ ಇರಬೇಕು, ಅದಕ್ಕೊಂದು ಮಿತಿಯೂ ಇರಬೇಕು.

ಇಲ್ಲಿ ಬಹಳ ಮನೆಗಳಲ್ಲಿ ಆಗುವ ಒಂದು ತಪ್ಪನ್ನು ಹೇಳಬೇಕು. ಮುಸ್‌ಹಫ್ ತೆರೆದಿಟ್ಟುಕೊಂಡು ನೋಡಿ ಓದುವುದನ್ನೇ ಪುನರಾವರ್ತನೆ ಎಂದು ಎಣಿಸುತ್ತಾರೆ. ನೋಡಿ ಓದುವುದಕ್ಕೆ ತಿಲಾವತ್ತಿನ ಪುಣ್ಯವಿದೆ, ಆದರೆ ಹಿಫ್ಝ್ ಗಟ್ಟಿಯಾಗುವುದು ನೋಡದೆ ಹೇಳಿದಾಗ. 2006ರಲ್ಲಿ ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು ಈ ವ್ಯತ್ಯಾಸವನ್ನು ಅಳೆದರು. ಒಂದು ಗುಂಪು ಭಾಗವನ್ನು ಎರಡು ಸಲ ಓದಿತು. ಇನ್ನೊಂದು ಒಮ್ಮೆ ಓದಿ, ಆಮೇಲೆ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಅವರಿಗೆ ಶೇಕಡಾ 81, ಬರೆದವರಿಗೆ 75. ಒಂದು ವಾರದ ನಂತರ ಫಲಿತಾಂಶ ತಿರುಗಿತು. ಎರಡು ಸಲ ಓದಿದವರಲ್ಲಿ 42 ಉಳಿದಿತ್ತು, ನೆನಪಿನಿಂದ ಬರೆದವರಲ್ಲಿ 56. ಈಗ ಸಲೀಸಾಗಿ ಬಂತು ಎಂಬುದು ಮುಂದೆಯೂ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮದ್ರಸದ ಹಳೆಯ ಕ್ರಮ ಮತ್ತು ಅದರಲ್ಲಿ ಬಿರುಕು ಬೀಳುವ ಜಾಗ

ಈ ವಿಚಾರ ನಮಗೆ ಹೊಸದೇನಲ್ಲ. ಸುಮಾರು ಎಂಟು ಶತಮಾನಗಳ ಹಿಂದೆ ಇಮಾಮ್ ಝರ್ನೂಜಿ ವಿದ್ಯಾರ್ಥಿಗಳಿಗಾಗಿ ಬರೆದ 'ತಅ್‌ಲೀಮುಲ್ ಮುತಅಲ್ಲಿಮ್' ಎಂಬ ಕೃತಿಯಲ್ಲಿ ಪುನರಾವರ್ತನೆಯ ಲೆಕ್ಕವನ್ನೇ ಕೊಟ್ಟಿದ್ದಾರೆ. ನಿನ್ನೆಯ ಪಾಠ ಐದು ಸಲ, ಮೊನ್ನೆಯದು ನಾಲ್ಕು ಸಲ, ಅದರ ಹಿಂದಿನದು ಮೂರು, ಅದರ ಹಿಂದಿನದು ಎರಡು, ಅದಕ್ಕೂ ಹಿಂದಿನದು ಒಂದು ಸಲ. ಪಾಠ ಹಳೆಯದಾದಂತೆ ಶ್ರಮ ಕಡಿಮೆ, ಆದರೆ ಐದು ದಿನವೂ ಬಿಡುವಿಲ್ಲ. ಮರೆವು ಮೊದಲ ದಿನಗಳಲ್ಲೇ ಹೆಚ್ಚು ಎಂಬುದನ್ನು ಅನುಭವದಿಂದ ಅರಿತವರ ಲೆಕ್ಕವಿದು.

ನಮ್ಮ ಹಿಫ್ಝ್ ತರಗತಿಗಳಲ್ಲಿ ದಿನದ ಕೆಲಸ ಮೂರು ಭಾಗ. ಸಬಕ್ ಎಂದರೆ ಇವತ್ತಿನ ಹೊಸ ಪಾಠ. ಸಬಕ್ ಪಾರಾ ಎಂದರೆ ಸದ್ಯ ನಡೆಯುತ್ತಿರುವ ಪಾರಾದಲ್ಲಿ ಇದುವರೆಗೆ ಆದಷ್ಟು ಭಾಗ. ಅದನ್ನು ದಿನವೂ ಹೇಳಬೇಕು. ಆಮೂಖ್ತಾ ಎಂದರೆ ಹಿಂದೆ ಮುಗಿದ ಪಾರಾಗಳು. ಅವು ಸರದಿಯ ಮೇಲೆ ಬರುತ್ತವೆ. ಕೆಲವು ಕಡೆ ಇದನ್ನೇ ಮಂಝಿಲ್ ಅಥವಾ ದೌರ್ ಎನ್ನುತ್ತಾರೆ. ಹತ್ತಿರದ್ದು ದಿನವೂ, ದೂರದ್ದು ಸರದಿಯಲ್ಲಿ. ಕ್ರಮ ಸರಿಯಾಗಿಯೇ ಇದೆ.

ಬಿರುಕು ಬೀಳುವುದು ಆಮೂಖ್ತಾದಲ್ಲಿ. ದಿನಕ್ಕೆ ಒಂದು ಪಾರಾ ಹೇಳುವ ಹುಡುಗನನ್ನು ತೆಗೆದುಕೊಳ್ಳಿ. ಐದು ಪಾರಾ ಆಗಿದ್ದಾಗ ಪ್ರತಿ ಪಾರಾ ಐದು ದಿನಕ್ಕೊಮ್ಮೆ ಸರದಿಗೆ ಬರುತ್ತದೆ. ಹನ್ನೆರಡು ಆದಾಗ ಹನ್ನೆರಡು ದಿನಕ್ಕೊಮ್ಮೆ, ಮೂವತ್ತಾದಾಗ ತಿಂಗಳಿಗೊಮ್ಮೆ. ಹಿಫ್ಝ್ ಬೆಳೆದಂತೆ ಅಂತರವೂ ತಾನಾಗಿ ಬೆಳೆಯುತ್ತದೆ. ಎರಡು ವರ್ಷದ ಹಿಂದೆ ಕಲಿತು ಗಟ್ಟಿಯಾದ ಪಾರಾಕ್ಕೆ ಇದು ಒಳ್ಳೆಯದೇ. ಆದರೆ ಹೋದ ತಿಂಗಳು ಮುಗಿದ ಪಾರಾಕ್ಕೂ ಅದೇ ಅಂತರ. ನಿನ್ನೆಯವರೆಗೆ ಸಬಕ್ ಪಾರಾ ಎಂದು ದಿನವೂ ಹೇಳುತ್ತಿದ್ದ ಭಾಗ, ಮುಗಿಯಿತು ಎಂದ ಕೂಡಲೇ ಹನ್ನೆರಡು ದಿನ ಕಾಣೆಯಾಗುತ್ತದೆ. ಮರಳಿ ಬರುವಷ್ಟರಲ್ಲಿ ಮರೆವಿನ ಅಂಚನ್ನು ದಾಟಿಹೋಗಿರುತ್ತದೆ. ಇತ್ತ ಅಮ್ಮ ಪಾರಾ, ಅಂದರೆ ಮೂವತ್ತನೆಯ ಪಾರಾ, ಸಣ್ಣಂದಿನಿಂದ ಬಾಯಲ್ಲಿ ಇರುವಂಥದ್ದು. ಅದಕ್ಕೆ ಹನ್ನೆರಡು ದಿನಕ್ಕೊಮ್ಮೆಯ ಅಗತ್ಯವೇ ಇಲ್ಲ. ಗಟ್ಟಿಯಾದದ್ದಕ್ಕೆ ಹೆಚ್ಚು ಸಮಯ, ಸಡಿಲವಾದದ್ದಕ್ಕೆ ಕಡಿಮೆ ಸಮಯ ಎಂದಾಗುತ್ತದೆ. ಎಲ್ಲವನ್ನೂ ಸಮನಾಗಿ ನೋಡಿದ್ದರ ಫಲ ಇದು.

ಹನ್ನೆರಡು ಪಾರಾದ ಒಂದು ಲೆಕ್ಕ

ಇದನ್ನು ಸರಿಪಡಿಸಲು ಹೆಚ್ಚು ಸಮಯ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು. ಹುಡುಗನ ಹನ್ನೆರಡು ಪಾರಾಗಳನ್ನು ಒಂದೊಂದಾಗಿ, ಮುಸ್‌ಹಫ್ ನಿಮ್ಮ ಕೈಯಲ್ಲಿಟ್ಟುಕೊಂಡು, ನೋಡದೆ ಹೇಳಿಸಿ. ಪ್ರತಿ ಪಾರಾದಲ್ಲಿ ಎಷ್ಟು ಕಡೆ ಲುಖ್ಮಾ ಕೊಡಬೇಕಾಯಿತು, ಅಂದರೆ ಎಷ್ಟು ಕಡೆ ನೀವು ಎತ್ತಿಕೊಡಬೇಕಾಯಿತು ಎಂದು ಬರೆಯಿರಿ. ಹದಿನೈದು ಸಾಲಿನ ಮುಸ್‌ಹಫ್‌ನಲ್ಲಿ ಒಂದು ಪಾರಾ ಸುಮಾರು 20 ಪುಟ. ಇಡೀ ಪಾರಾದಲ್ಲಿ ಒಂದೆರಡು ಲುಖ್ಮಾದೊಳಗೆ ಮುಗಿದರೆ ಅದು ಗಟ್ಟಿ. ಆರರವರೆಗೆ ಬೇಕಾದರೆ ಮಧ್ಯಮ. ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಪಾರಾ ಮುಗಿದು ಎರಡು ತಿಂಗಳು ಆಗಿಲ್ಲದಿದ್ದರೆ, ಅದು ಸಡಿಲ.

ಏಳು ಗಟ್ಟಿ, ಮೂರು ಮಧ್ಯಮ, ಎರಡು ಸಡಿಲ ಎಂದು ಬಂತು ಎನ್ನೋಣ. ಇನ್ನು ಮೂರು ದಿನದ ಸರದಿ ಮಾಡಿ. ಮೊದಲ ದಿನ ಒಂದು ಗಟ್ಟಿ ಪಾರಾ, ಎರಡನೆಯ ದಿನ ಒಂದು ಮಧ್ಯಮ, ಮೂರನೆಯ ದಿನ ಒಂದು ಸಡಿಲ. ನಾಲ್ಕನೆಯ ದಿನ ಮುಂದಿನ ಗಟ್ಟಿ ಪಾರಾ. ಹೀಗೆ ತಿರುಗುತ್ತಿರಲಿ.

ಲೆಕ್ಕ ಮಾಡಿ ನೋಡಿ. ಎರಡು ಸಡಿಲ ಪಾರಾಗಳು ಮೂರು ದಿನಕ್ಕೊಂದರಂತೆ ಬಂದರೆ ಪ್ರತಿಯೊಂದೂ ಆರು ದಿನಕ್ಕೊಮ್ಮೆ ಬರುತ್ತದೆ. ಮೂರು ಮಧ್ಯಮ ಪಾರಾಗಳು ಒಂಬತ್ತು ದಿನಕ್ಕೊಮ್ಮೆ. ಏಳು ಗಟ್ಟಿ ಪಾರಾಗಳು ಇಪ್ಪತ್ತೊಂದು ದಿನಕ್ಕೊಮ್ಮೆ. ದಿನದ ಕೆಲಸ ಮೊದಲಿನಂತೆ ಒಂದೇ ಪಾರಾ, ಸುಮಾರು ಅರ್ಧ ಗಂಟೆ. ಆದರೆ ಸಡಿಲ ಪಾರಾ ಬರುವ ಅಂತರ ಹನ್ನೆರಡು ದಿನದಿಂದ ಆರಕ್ಕೆ ಇಳಿಯಿತು. ಅದಕ್ಕೆ ಬೇಕಾದ ಸಮಯವನ್ನು ಗಟ್ಟಿ ಪಾರಾಗಳು ಬಿಟ್ಟುಕೊಟ್ಟವು. ಅವುಗಳಿಗೂ ನಷ್ಟವಿಲ್ಲ. ಇಪ್ಪತ್ತೊಂದು ದಿನ ಬಿಟ್ಟು ಸ್ವಲ್ಪ ಯೋಚಿಸಿ ಹೇಳಿದ್ದರಿಂದ ಅವು ಇನ್ನೂ ಆಳಕ್ಕೆ ಇಳಿಯುತ್ತವೆ.

ಪಾರಾ ಗುಂಪು ಬದಲಿಸುವ ನಿಯಮ ಸರಳ. ಸಡಿಲ ಪಾರಾ ಸತತ ಎರಡು ಸರದಿ ಒಂದೆರಡು ಲುಖ್ಮಾದೊಳಗೆ ಮುಗಿದರೆ ಮಧ್ಯಮಕ್ಕೆ ಏರುತ್ತದೆ. ಮಧ್ಯಮದಲ್ಲೂ ಎರಡು ಸರದಿ ಹಾಗೆಯೇ ಆದರೆ ಗಟ್ಟಿಗೆ ಏರುತ್ತದೆ. ಗಟ್ಟಿ ಪಾರಾ ಒಮ್ಮೆ ಕೈಕೊಟ್ಟರೆ ಮಧ್ಯಮಕ್ಕೆ ಇಳಿಸಿ, ಮಗುವನ್ನು ಬೈಯಬೇಡಿ. ಸಬಕ್ ಪಾರಾ ಆಗಿದ್ದದ್ದು ಮುಗಿದ ದಿನವೇ ಸಡಿಲ ಗುಂಪಿಗೆ ಸೇರುತ್ತದೆ. ಇನ್ನೊಂದು ಮಾತು, ಇಡೀ ಪಾರಾ ಸರಿಯಾಗಿದ್ದು ಎರಡೇ ಪುಟ ತೊಡಕಾದರೆ ಪಾರಾವನ್ನೆಲ್ಲ ಮತ್ತೆ ಹೇಳಿಸಬೇಡಿ. ಆ ಎರಡು ಪುಟಗಳ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮರುದಿನ ಸಬಕ್ ಪಾರಾದ ಜೊತೆ ಹೇಳಿಸಿ. ನಾಲ್ಕು ದಿನದ ನಂತರ ಇನ್ನೊಮ್ಮೆ ಕೇಳಿ.

ಮೂವತ್ತೂ ಪಾರಾ ಮುಗಿದ ಮೇಲೆ ಇದೇ ಕ್ರಮಕ್ಕೆ ದಿನಕ್ಕೆ ಎರಡು ಪಾರಾ ಬೇಕಾಗುತ್ತದೆ. ಇಪ್ಪತ್ತು ಗಟ್ಟಿ, ಆರು ಮಧ್ಯಮ, ನಾಲ್ಕು ಸಡಿಲ ಇದ್ದರೆ ಗಟ್ಟಿಯವು ಮೂವತ್ತು ದಿನಕ್ಕೆ, ಮಧ್ಯಮ ಒಂಬತ್ತಕ್ಕೆ, ಸಡಿಲ ಆರಕ್ಕೆ ಬರುತ್ತವೆ. ಒಂದು ಪಾರಾ ಫಜ್ರ್ ನಂತರ, ಇನ್ನೊಂದನ್ನು ಸುನ್ನತ್ ಮತ್ತು ನಫಿಲ್ ನಮಾಝ್‌ಗಳಲ್ಲಿ ಹಂಚಿ ಹೇಳಿಕೊಳ್ಳಬಹುದು. ನಮಾಝಿನಲ್ಲಿ ಮುಸ್‌ಹಫ್ ಕಣ್ಣ ಮುಂದೆ ಇರುವುದಿಲ್ಲವಾದ್ದರಿಂದ ಅದು ತಾನಾಗಿಯೇ ನೆನಪಿನಿಂದ ಹೇಳುವ ಪುನರಾವರ್ತನೆ. ಹಾಫಿಝ್ ಆದ ಮೇಲೆ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಶಾಲೆ, ಕಾಲೇಜು, ಅಂಗಡಿ ಎಂದು ತೊಡಗಿಕೊಳ್ಳುವ ಹುಡುಗರು ದಿನಕ್ಕೆ ಕಾಲು ಪಾರಾಕ್ಕೆ ಬಂದು ನಿಲ್ಲುತ್ತಾರೆ. ಆಗ ಒಂದು ಸುತ್ತಿಗೆ 120 ದಿನ ಬೇಕು. ಹೊಸ ಪಾರಾಗಳು ಅಷ್ಟು ದಿನ ಕಾಯುವುದಿಲ್ಲ. ರಮಝಾನಿನ ತರಾವೀಹ್ ಹತ್ತಿರ ಬಂದಾಗ ಶಅ್‌ಬಾನಿನಲ್ಲಿ ಒಟ್ಟಿಗೆ ತಿರುವಿ ಹಾಕಿದರೆ ತರಾವೀಹ್ ಹೇಗೋ ಮುಗಿಯುತ್ತದೆ, ಶವ್ವಾಲಿನಲ್ಲಿ ಮತ್ತೆ ಕರಗುತ್ತದೆ. ಹದೀಸ್‌ನಲ್ಲಿ ಕುರ್‌ಆನನ್ನು ಕಟ್ಟಿಹಾಕಿದ ಒಂಟೆಗೆ ಹೋಲಿಸಿರುವುದು ನಿಮಗೆ ಗೊತ್ತಿದೆ. ಹಗ್ಗವನ್ನು ವರ್ಷಕ್ಕೊಮ್ಮೆ ನೋಡುವವನ ಒಂಟೆ ಉಳಿಯುವುದಿಲ್ಲ. ಅಂಥ ಹುಡುಗರು ಸಮಯ ಕಡಿಮೆಯಿದ್ದರೆ ಸಡಿಲ ಪಾರಾಗಳನ್ನು ಮೊದಲು ಕಾಯಲಿ.

ಅಂತರ ಸರಿಯಿದೆಯೇ ಎಂದು ತಿಳಿಯುವುದು

ಮರೆಯುವ ಅಂಚು ಇವತ್ತೇ ಎಂದು ಹೊರಗಿನಿಂದ ಯಾರೂ ಹೇಳಲಾರರು. ಮಗುವಿನಿಂದ ಮಗುವಿಗೆ, ಪುಟದಿಂದ ಪುಟಕ್ಕೆ ಅದು ಬದಲಾಗುತ್ತದೆ. ಆರು, ಒಂಬತ್ತು, ಇಪ್ಪತ್ತೊಂದು ಎಂಬುವು ನಮ್ಮ ಉದಾಹರಣೆಯ ಅಂಕಿಗಳು ಅಷ್ಟೇ. ಅವನ್ನು ಮಗುವಿನ ಬಾಯಿಂದಲೇ ತಿದ್ದಿಕೊಳ್ಳಬೇಕು.

ಹತ್ತು ಪುಟ ಕೇಳಿದಾಗ ಒಂಬತ್ತು ಪುಟ ಎತ್ತಿಕೊಡದೆ ಬಂದು, ಅಲ್ಲಲ್ಲಿ ಕ್ಷಣ ನಿಂತು ತಾನೇ ಸರಿಪಡಿಸಿಕೊಂಡರೆ ಅಂತರ ಸರಿಯಿದೆ. ಆ ಕ್ಷಣದ ತಡವರಿಕೆಯೇ ನಮಗೆ ಬೇಕಾದದ್ದು. ಮಗು ನಿಂತ ಕೂಡಲೇ ಎತ್ತಿಕೊಡಬೇಡಿ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಆಮೇಲೆ ಒಂದು ಪದ ಮಾತ್ರ ಕೊಡಿ. ಹತ್ತಕ್ಕೆ ಹತ್ತೂ ಪುಟ, ಮನಸ್ಸು ಬೇರೆಲ್ಲೋ ಇದ್ದರೂ, ನೀರಿನಂತೆ ಹರಿದು ಬಂದರೆ ಅಂತರ ಚಿಕ್ಕದಾಯಿತು. ಆ ಪಾರಾದ ಸಮಯವನ್ನು ಬೇರೆಯದಕ್ಕೆ ಕೊಡಿ. ಮೂರು ಪುಟಕ್ಕಿಂತ ಹೆಚ್ಚು ಕಡೆ ಎತ್ತಿಕೊಡಬೇಕಾದರೆ ಅಂತರ ದೊಡ್ಡದಾಯಿತು.

ಮುತಶಾಬಿಹಾತ್‌ನ ತಪ್ಪು ಮಾತ್ರ ಬೇರೆ ಬಗೆಯದು. ಒಂದೇ ತೆರನಾದ ಎರಡು ಆಯತ್‌ಗಳು ಎರಡು ಸೂರಾಗಳಲ್ಲಿದ್ದಾಗ ಮಗು ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಇದು ಮರೆವಲ್ಲ, ಬೆರಕೆ. ಇದಕ್ಕೆ ಅಂತರ ಚಿಕ್ಕದು ಮಾಡಿ ಪ್ರಯೋಜನವಿಲ್ಲ. ಎರಡೂ ಜಾಗಗಳನ್ನು ಒಟ್ಟಿಗೆ ತೆರೆದಿಟ್ಟು, ಯಾವ ಪದದಲ್ಲಿ ಬೇರೆಯಾಗುತ್ತವೆ ಎಂದು ಬೆರಳಿಟ್ಟು ತೋರಿಸಿ. ಆಮೇಲೆ ಎರಡನ್ನೂ ಒಂದರ ಹಿಂದೆ ಒಂದು ನೋಡದೆ ಹೇಳಿಸಿ.

ತಪ್ಪು ಹೇಳಿದ್ದನ್ನು ಅಲ್ಲೇ ತಿದ್ದುವುದು ಅಗತ್ಯ. ಒಂದು ಕಡೆ ಎಡವಿ ಕೂಡಲೇ ಸರಿಯಾದದ್ದನ್ನು ಕೇಳಿಸಿಕೊಂಡರೆ ಕಲಿಕೆಗೆ ನಷ್ಟವಿಲ್ಲ. ಕೇಳುವವರಿಲ್ಲದೆ ಒಬ್ಬನೇ ಹೇಳಿಕೊಂಡು ತಪ್ಪನ್ನೇ ಹತ್ತು ಸಲ ಹೇಳಿದರೆ ತಪ್ಪೂ ಗಟ್ಟಿಯಾಗುತ್ತದೆ. ಆದ್ದರಿಂದ ಕೇಳುವ ಕಿವಿ ಒಂದು ಇರಲೇಬೇಕು. ಉಸ್ತಾದರಿಗೆ ಸಮಯವಿಲ್ಲದಿದ್ದರೆ ಅಮ್ಮಿಯೋ ಅಕ್ಕನೋ ಮುಸ್‌ಹಫ್ ಹಿಡಿದು ಕೂತರೂ ಆಯಿತು.

ಶಾಲೆಯ ಪಾಠಕ್ಕೂ ಇದೇ ಲೆಕ್ಕ

ಅದೇ ಮನೆಯಲ್ಲಿ ಹತ್ತನೆಯ ತರಗತಿಯ ಮಗಳಿದ್ದರೆ ಅವಳಿಗೆ ಬೇಕಾದದ್ದು ಐದು ಖಾನೆಯ ಒಂದು ರಟ್ಟಿನ ಪೆಟ್ಟಿಗೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರ ತಮ್ಮ ಪುಸ್ತಕದಲ್ಲಿ ಇಂಥ ಪೆಟ್ಟಿಗೆಯನ್ನು ಪ್ರಚಾರಕ್ಕೆ ತಂದರು. ಮದುವೆ ಪತ್ರಿಕೆಯ ಹಿಂಬದಿಯನ್ನು ಕತ್ತರಿಸಿದರೂ ಚೀಟಿಗಳಾಗುತ್ತವೆ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಒಂದು ಚೀಟಿಗೆ ಒಂದೇ ಪ್ರಶ್ನೆ. "ಓಮ್‌ನ ನಿಯಮದ ಸೂತ್ರವೇನು?" ಎಂದು ಈ ಬದಿ, V = IR ಎಂದು ಆ ಬದಿ.

ಮೊದಲ ಖಾನೆಯನ್ನು ದಿನವೂ ನೋಡಬೇಕು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಹೊಸ ಚೀಟಿ ಮೊದಲ ಖಾನೆಗೆ. ಉತ್ತರವನ್ನು ನೋಡುವ ಮುಂಚೆ ಬಾಯಿಬಿಟ್ಟು ಹೇಳಬೇಕು. ಸರಿಯಾದರೆ ಚೀಟಿ ಮುಂದಿನ ಖಾನೆಗೆ, ತಪ್ಪಾದರೆ ಮೊದಲನೆಯದಕ್ಕೆ. ಹೀಗೆ ಗೊತ್ತಿರುವುದು ತಾನಾಗಿ ದೂರ ಸರಿಯುತ್ತದೆ, ಗೊತ್ತಿಲ್ಲದ್ದು ದಿನವೂ ಕಣ್ಣೆದುರು ಬರುತ್ತದೆ. ಪಾರಾಗಳ ಮೂರು ಗುಂಪಿನ ತತ್ವವೇ ಇದು.

ಎರಡು ಎಚ್ಚರಿಕೆ ಇರಲಿ. ಮೊದಲ ವಾರದ ಉತ್ಸಾಹದಲ್ಲಿ ದಿನಕ್ಕೆ ಮೂವತ್ತು ಚೀಟಿ ಬರೆದರೆ ಒಂದು ತಿಂಗಳಲ್ಲಿ ಪೆಟ್ಟಿಗೆ ಹೊರೆಯಾಗಿ ಮೂಲೆ ಸೇರುತ್ತದೆ. ದಿನಕ್ಕೆ ಐದಾರು ಹೊಸ ಚೀಟಿ ಸಾಕು. ಇನ್ನೊಂದು, ಅರ್ಥವಾಗದ ಪಾಠವನ್ನು ಚೀಟಿ ಕಲಿಸುವುದಿಲ್ಲ. ಸೂತ್ರ ನೆನಪಿರುತ್ತದೆ, ಲೆಕ್ಕ ಬಿಡಿಸಲು ಬರುವುದಿಲ್ಲ. ಮೊದಲು ಪಾಠ ಅರ್ಥವಾಗಬೇಕು, ಗಣಿತವನ್ನು ಕೈಯಲ್ಲಿ ಬಿಡಿಸಬೇಕು; ಉಳಿಸಿಕೊಳ್ಳುವುದಷ್ಟೇ ಪೆಟ್ಟಿಗೆಯ ಕೆಲಸ.

ನಾಳೆಯ ಪರೀಕ್ಷೆಗೆ ಇವತ್ತು ರಾತ್ರಿ ಓದಿದರೂ ಅಂಕ ಬರುತ್ತದಲ್ಲ ಎಂದು ಮಕ್ಕಳು ಕೇಳುತ್ತಾರೆ. ಬರುತ್ತದೆ, ಸುಳ್ಳಲ್ಲ. ಎಷ್ಟು ಕಾಲ ಉಳಿಯಬೇಕು ಎಂಬುದರ ಮೇಲೆ ಅಂತರ ನಿಲ್ಲುತ್ತದೆ. 2008ರಲ್ಲಿ ಪ್ರಕಟವಾದ ಸೆಪೆಡಾ ಮತ್ತು ಸಂಗಡಿಗರ ಅಧ್ಯಯನದಲ್ಲಿ, ವಾರದ ನಂತರ ಪರೀಕ್ಷೆಯಿದ್ದರೆ ಎರಡು ಓದುಗಳ ನಡುವೆ ಒಂದು ದಿನದ ಅಂತರ ಒಳ್ಳೆಯ ಫಲ ಕೊಟ್ಟಿತು. ಸುಮಾರು ಒಂದು ವರ್ಷದ ನಂತರ ಪರೀಕ್ಷೆಯಿದ್ದಾಗ ಮೂರು ವಾರದ ಅಂತರ. ಘಟಕ ಪರೀಕ್ಷೆಗೆ ನಾಳೆ ನಾಡಿದ್ದಿನ ಲೆಕ್ಕ ಸಾಕು. ವಾರ್ಷಿಕ ಪರೀಕ್ಷೆಗೆ ವಾರಗಳ ಲೆಕ್ಕ ಬೇಕು. ಬಾಳಿನುದ್ದಕ್ಕೂ ಇರಬೇಕಾದ ಹಿಫ್ಝ್‌ಗೆ ತಿಂಗಳುಗಳ ಸರದಿ ಎಂದೂ ನಿಲ್ಲಬಾರದು.

ನಿದ್ರೆ, ಮತ್ತು ವೈದ್ಯರಿಗೆ ತೋರಿಸಬೇಕಾದ ಸಂದರ್ಭ

ಯುನಾನಿಯಲ್ಲಿ ನೆನಪನ್ನು ಕಾಯುವ ಶಕ್ತಿಗೆ ಕುವ್ವತೆ ಹಾಫಿಝಾ ಎನ್ನುತ್ತೇವೆ. ಇಬ್ನ್ ಸೀನಾ ಅದರ ನೆಲೆಯನ್ನು ಮಿದುಳಿನ ಹಿಂಭಾಗದಲ್ಲಿ ಗುರುತಿಸಿದ್ದರು. ಇಂದು ತಿಳಿದಿರುವ ನೆಲೆ ಬೇರೆಯಾದರೂ, ಸಮತೋಲದ ನಿದ್ರೆ ಮತ್ತು ಎಚ್ಚರ ಆರೋಗ್ಯಕ್ಕೆ ಅಗತ್ಯ ಎಂದು ನಮ್ಮ ವೈದ್ಯಶಾಸ್ತ್ರ ಹೇಳುತ್ತ ಬಂದದ್ದು ಇಲ್ಲಿಯೂ ಸರಿಯಾಗಿಯೇ ಇದೆ. ಹಗಲು ಕಲಿತದ್ದು ನೆಲೆಗೊಳ್ಳುವ ಕೆಲಸ ನಿದ್ರೆಯಲ್ಲಿ ನಡೆಯುತ್ತದೆ. ಮಗ್ರಿಬ್ ನಂತರ ಸಬಕ್ ಕಲಿತು, ಇಶಾ ಮುಗಿಸಿ ಬೇಗ ಮಲಗಿ, ಫಜ್ರ್ ನಂತರ ಒಪ್ಪಿಸುವ ಹಳೆಯ ರೂಢಿಯಲ್ಲಿ ಒಂದು ಅಂತರವೂ ಇದೆ, ಒಂದು ನಿದ್ರೆಯೂ ಇದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ಫಜ್ರ್‌ಗೆ ಏಳುವ ಮಗುವಿಗೆ ಯಾವ ಸರದಿಯೂ ಪೂರ್ತಿ ಫಲ ಕೊಡುವುದಿಲ್ಲ.

ಈ ಕ್ರಮವನ್ನು ಎರಡು ತಿಂಗಳು ನಡೆಸಿದರೂ ಸುಧಾರಣೆ ಕಾಣದಿದ್ದರೆ, ಅಥವಾ ಮಗುವಿಗೆ ಹೊಸ ಪಾಠವೂ ಹತ್ತದಿದ್ದರೆ, ಸರದಿಯನ್ನು ಬಿಟ್ಟು ಮಗುವನ್ನು ನೋಡಬೇಕು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡು ಬೇಗ ದಣಿಯುವುದು ರಕ್ತಹೀನತೆಯ ಲಕ್ಷಣವಾಗಿರಬಹುದು. ಗೊರಕೆ ಹೊಡೆದು ಬಾಯಿಬಿಟ್ಟು ಮಲಗುವ ಮಗುವಿಗೆ ರಾತ್ರಿ ಸರಿಯಾದ ನಿದ್ರೆ ಆಗುತ್ತಿರುವುದಿಲ್ಲ. ಅಕ್ಷರ ಮಸುಕಾಗಿ ಕಾಣುವುದು, ಕಿವಿ ಸರಿಯಾಗಿ ಕೇಳದಿರುವುದೂ ಮರೆವಿನಂತೆಯೇ ತೋರುತ್ತದೆ. ಹೇಳುತ್ತಿದ್ದ ಮಗು ಕೆಲವು ಕ್ಷಣ ದಿಟ್ಟಿಸಿ ನೋಡುತ್ತ ನಿಂತು, ಕರೆದರೂ ಓಗೊಡದೆ, ಆಮೇಲೆ ಏನೂ ಆಗದಂತೆ ಮುಂದುವರಿದರೆ ಅದು ಮೂರ್ಛೆಯ ಒಂದು ಬಗೆಯಾಗಿರಬಹುದು. ಅದನ್ನು ಅಲಕ್ಷ್ಯವೆಂದು ಹೊಡೆಯಬೇಡಿ, ತಜ್ಞ ವೈದ್ಯರಿಗೆ ತೋರಿಸಿ.

ಇವು ಯಾವುವೂ ಇಲ್ಲದೆ, ಹಿಂದಿನ ಪಾರಾ ಮಾತ್ರ ಕೈಕೊಡುತ್ತಿದ್ದರೆ ಇವತ್ತು ಇಶಾ ನಂತರ ನೋಟ್‌ಬುಕ್ ತೆಗೆಯಿರಿ. ಪಾರಾಗಳ ಪಟ್ಟಿ ಬರೆದು, ನಾಳೆ ಫಜ್ರ್ ಆದ ಮೇಲೆ ಮೊದಲ ಪಾರಾವನ್ನು ನೋಡದೆ ಹೇಳಿಸಿ, ಎಷ್ಟು ಲುಖ್ಮಾ ಬೇಕಾಯಿತು ಎಂದು ಎದುರಿಗೆ ಬರೆಯಿರಿ. ದಿನಕ್ಕೊಂದರಂತೆ ಕೇಳಿದರೆ ಹನ್ನೆರಡು ದಿನದಲ್ಲಿ ಮೂರು ಗುಂಪುಗಳ ಪಟ್ಟಿ ಸಿದ್ಧವಾಗುತ್ತದೆ. ಹದಿಮೂರನೆಯ ದಿನದಿಂದ ಸರದಿ ಶುರುಮಾಡಿ.